ಹೆಚ್ಚುವರಿ ಮಾಹಿತಿಯ ಚೌಕದಲ್ಲಿ ಏನು ಬರೆಯಬೇಕು?

ಪ್ರಶ್ನೆ: ಮಗಳು ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್ ಮೂಲಕ ಅರ್ಜಿ ಹಾಕುತ್ತಿದ್ದಾಳೆ. ಅದರಲ್ಲಿರುವ ಹೆಚ್ಚುವರಿ ಮಾಹಿತಿಯ ಚೌಕವನ್ನು ತುಂಬಲೇಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ತುಂಬಲೇಬೇಕೆಂಬ ನಿಯಮವಿಲ್ಲ. ಅಂಕಪಟ್ಟಿಯನ್ನು ಓದುವ ಅಪರಿಚಿತರ ಮನಸ್ಸಿನಲ್ಲಿ ಸಹಜವಾಗಿ ಹುಟ್ಟುವ ಸಂದೇಹಕ್ಕೆ ಅರ್ಜಿಯ ಬೇರಾವ ಭಾಗದಲ್ಲಿಯೂ ಸಮಾಧಾನವು ದೊರೆಯದಿದ್ದಲ್ಲಿ ಮಾತ್ರ ಆ ಚೌಕವನ್ನು ಬಳಸತಕ್ಕದ್ದು.

ನಿದರ್ಶನಕ್ಕೆ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ರಥಮ ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಕಲಿತ ವಿದ್ಯಾರ್ಥಿನಿಯೊಬ್ಬಳ ಅಂಕವು ಶೇ. 91ರಿಂದ 68ಕ್ಕಿಳಿದು, ಮರುವರ್ಷದ ಅರ್ಧವಾರ್ಷಿಕದಲ್ಲಿ 86ಕ್ಕೇರಿತೆಂದು ಭಾವಿಸೋಣ. ಅವಳು ಬರೆಯಬೇಕಾದುದು ಇಷ್ಟೇ: “ಹತ್ತನೆಯ ತರಗತಿಯವರೆಗೆ ನನ್ನ ಮಾಧ್ಯಮ ಕನ್ನಡ. ಪಿಯುಸಿಯಲ್ಲಿ ಇಂಗ್ಲಿಷಿಗೆ ಬದಲಾದಾಗ ಭೌತಶಾಸ್ತ್ರದ ಅಂಕ 68ಕ್ಕಿಳಿಯಿತು. ಪರಿಭಾಷೆಯನ್ನು ಕಲಿತ ಮೇಲೆ 86 ಬಂದಿದೆ.” ಕಾರಣ, ಪರಿಣಾಮ, ಚೇತರಿಕೆ ಈ ಮೂರೂ ಇಲ್ಲಿವೆ; ಉಪನ್ಯಾಸಕರ ಮೇಲಣ ದೂರಾಗಲಿ, ಕಣ್ಣೀರಿನ ವರ್ಣನೆಯಾಗಲಿ ಸೇರಿದರೆ ವಿವರಣೆಯು ನೆಪದಂತೆ ಕೇಳಿಸುವುದು.

ಚಟುವಟಿಕೆಗಳ ಪಟ್ಟಿಯಲ್ಲಿ ಈಗಾಗಲೇ ಬಂದುದನ್ನು, ಉದಾಹರಣೆಗೆ ಯಕ್ಷಗಾನದ ಪಾತ್ರಗಳನ್ನು, ಇಲ್ಲಿ ಪುನರುಚ್ಚರಿಸಬಾರದು. ಮತ್ತೊಂದು ಪ್ರಬಂಧವನ್ನಂತೂ ಅಂಟಿಸಲೇಬಾರದು. ದೀರ್ಘ ಅನಾರೋಗ್ಯ, ಮನೆಯ ಸಂಕಷ್ಟ ಮೊದಲಾದವುಗಳಿಗೆ 250 ಪದಗಳ ಪ್ರತ್ಯೇಕ ಚೌಕವೇ ಇರುವುದು.

2025–26ರ ಸಾಲಿನಿಂದ ಪ್ರಥಮ ವರ್ಷದ ಅರ್ಜಿದಾರರಿಗೆ ಹೆಚ್ಚುವರಿ ಮಾಹಿತಿಯ ಮಿತಿಯನ್ನು 650 ಪದಗಳಿಂದ 300ಕ್ಕೆ ಇಳಿಸಲಾಗಿದೆ. ಅದು ಮಿತಿಯೇ ಹೊರತು ಗುರಿಯಲ್ಲ; ಮೇಲಿನಂತಹ ವಿಷಯಕ್ಕೆ ಐವತ್ತು ಪದಗಳು ಧಾರಾಳ. ಬರೆದುದನ್ನು ತೆಗೆದುಹಾಕಿದರೂ ಅರ್ಜಿಯ ಅರ್ಥವು ಕೆಡದಿದ್ದಲ್ಲಿ, ಚೌಕವನ್ನು ಬರಿದಾಗಿಯೇ ಬಿಡುವುದು ಲೇಸು.