ಕೊಂಡಿ ಹಾಕುವ ಹೊತ್ತು

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ನೇಕಾರರ ಊರು. ಮರೆಯಾಗುತ್ತಿರುವ ಕಸುಬುಗಳ ಸಾಕ್ಷ್ಯಚಿತ್ರ ಸರಣಿಯೊಂದನ್ನು ಈ ಸೀಮೆಯಿಂದಲೇ ಶುರು ಮಾಡಬೇಕೆಂದು ಹೊರಟ ನಮ್ಮ ಗುಂಪು ಮೊದಲು ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಎಲ್ಲ ಕಂತುಗಳ ಶೀರ್ಷಿಕೆಯೂ ಒಂದೇ ಅಚ್ಚಿನಲ್ಲಿ ಇರಬೇಕು, ಯಾವ ಕಂತನ್ನು ಎಲ್ಲೇ ಕಂಡರೂ ಇದು ಆ ಸರಣಿಯದು ಎಂದು ಗೊತ್ತಾಗಬೇಕು ಎಂಬುದು ಉದ್ದೇಶ.

ಮೊದಲು ಹೊಳೆದದ್ದು ‘ಕೊನೆಯ ನೇಕಾರ’, ‘ಕೊನೆಯ ಕುಂಬಾರ’, ‘ಕೊನೆಯ ಮೇದಾರ’. ಇದನ್ನು ಹಿರಿಯ ನೇಕಾರರೊಬ್ಬರ ಮುಂದೆ ಹೇಳಿದಾಗ ಅವರು ಮಗ್ಗದ ಕಡೆ ಕೈ ಮಾಡಿ, ‘ಕಡೀ ನೇಕಾರ ಅಂತ ಬರದ್ರ, ಅಲ್ಲಿ ಕುಂತಾನಲ್ರೀ ನನ್ನ ಮಗ, ಅವ ಯಾರು?’ ಎಂದರು. ಆ ಅಚ್ಚು ಅಲ್ಲಿಗೇ ಮುಗಿಯಿತು. ಬದುಕಿರುವವರ ಮೇಲೆ ತಿಥಿಯ ಫಲಕ ಹಾಕಬಾರದು. ಅದರಲ್ಲಿ ಇನ್ನೊಂದು ತಪ್ಪೂ ಇತ್ತು. ನೇಕಾರ ಎಂದಾಗ ಮಗ್ಗದ ಮೇಲೆ ಕುಳಿತ ಗಂಡಸು ಕಣ್ಣಿಗೆ ಬರುತ್ತಾನೆಯೇ ಹೊರತು ಕಂಡಿಕೆ ಸುತ್ತುವ, ಹಾಸು ಹೂಡುವ ಹೆಂಗಸರು ಬರುವುದಿಲ್ಲ.

ಆಮೇಲೆ ಊರು ಮತ್ತು ವಸ್ತುವಿನ ಜೋಡಿ: ಇಳಕಲ್ ಸೀರೆ, ನವಲಗುಂದ ಜಮಖಾನ, ಕಿನ್ನಾಳ ಗೊಂಬೆ. ನಮ್ಮ ಬಾಯಲ್ಲಿ ಮೊದಲೇ ಪಳಗಿದ ಅಚ್ಚು ಇದು. ಐರ್ಲೆಂಡಿನ ಡೇವಿಡ್ ಶಾ-ಸ್ಮಿತ್ ಅಲ್ಲಿನ ಕಸುಬುಗಳ ಬಗ್ಗೆ ಮಾಡಿದ ‘ಹ್ಯಾಂಡ್ಸ್’ ದೂರದರ್ಶನ ಸರಣಿಯ ಹಲವು ಚಿತ್ರಗಳಲ್ಲೂ ಊರು, ಕಸುಬುಗಳ ನೇರ ಹೆಸರು ಕಾಣುತ್ತದೆ. ಆದರೆ ಕಂಬಳಿಗೆ ಯಾವ ಊರು? ಕೌದಿಗೆ? ಬೆಟಗೇರಿ, ಗಜೇಂದ್ರಗಡದ ಮಗ್ಗದಿಂದ ಇಳಿದ ಸೀರೆಯೂ ಪೇಟೆಯಲ್ಲಿ ಇಳಕಲ್ ಸೀರೆ ಎಂದೇ ಮಾರಾಟವಾಗುವಾಗ, ಆ ಹೆಸರಿಟ್ಟರೆ ನೇಯ್ದ ಊರೇ ಅಳಿಸಿಹೋಗುತ್ತದೆ.

ದಾರಿ ತೋರಿಸಿದ್ದು ಆ ಸೀರೆಯೇ. ಇಳಕಲ್ ಮಾದರಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯನ್ನೂ ಸೆರಗಿನ ಕೆಂಪು ರೇಷ್ಮೆ ಎಳೆಯನ್ನೂ ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸುತ್ತ ಅಗಲದ ಉದ್ದಕ್ಕೂ ಸಾಗಬೇಕು. ಇದೇ ಕೊಂಡಿ. ಈ ಕಾರಣಕ್ಕೆ ಹಾಸು ಒಂದೊಂದೇ ಸೀರೆಗೆ, ಆರೋ ಎಂಟೋ ಒಂಬತ್ತೋ ಗಜಕ್ಕೆ, ಹೂಡಬೇಕಾಗುತ್ತದೆ. ವಿದ್ಯುತ್ ಮಗ್ಗಕ್ಕೆ ಬೇಕಾದದ್ದು ಸಾಲು ಸೀರೆಗಳು ಒಟ್ಟಿಗೆ ಇಳಿಯುವ ಉದ್ದ ಹಾಸು. ಹಾಗಾಗಿ ಯಂತ್ರ ಬಂದ ಕಡೆ ಮೊದಲು ಹೋಗುವುದು ಕೊಂಡಿಯೇ. ಅಂಚು, ಸೆರಗು, ಬಣ್ಣ ಎಲ್ಲ ಹಾಗೇ ಇರುತ್ತದೆ. ಸೆರಗು ಒಡಲಿಗೆ ಕೂಡುವ ಗೆರೆಯನ್ನು ತಿರುಗಿಸಿ ನೋಡಿದರೆ ಮಾತ್ರ ಕುಣಿಕೆಗಳ ಸಾಲು ಇಲ್ಲದ್ದು ಗೊತ್ತಾಗುತ್ತದೆ.

ಅಂದರೆ ಮರೆಯಾಗುವುದು ಇಡೀ ಕಸುಬಲ್ಲ, ಅದರೊಳಗಿನ ಒಂದು ಕೆಲಸ. ಅದನ್ನೇ ಹೆಸರಾಗಿಸಿದೆವು. ಮೊದಲು ‘ಕೊಂಡಿ ಹಾಕು’ ಎಂದಿತ್ತು. ‘ಮಣ್ಣು ತುಳಿ’, ‘ಬಿದಿರು ಸೀಳು’ ಎಂದು ಸಾಲಾಗಿ ಬರೆದಾಗ ಯಜಮಾನ ಆಳಿಗೆ ಹೇಳಿದಂತೆ ಕೇಳಿಸಿತು. ಆಗ ಕೊನೆಗೆ ‘ಹೊತ್ತು’ ಸೇರಿಸಿದೆವು: ಕೊಂಡಿ ಹಾಕುವ ಹೊತ್ತು, ಬಿದಿರು ಸೀಳುವ ಹೊತ್ತು. ಬಟ್ಟೆಯ ಎಳೆ ಲೆಕ್ಕ ಹಾಕಿ ಗಂಟಿಲ್ಲದೆ ಹೊಲಿಯುವ ಕಸೂತಿಗೆ ‘ಎಳೆ ಎಣಿಸುವ ಹೊತ್ತು’. ಹುಣಸೆ ಬೀಜದ ಅಂಟು ಮತ್ತು ಮರದ ಪುಡಿಯ ಮಿಶ್ರಣ ಬಳಿಯುವ ಕಿನ್ನಾಳದ ಗೊಂಬೆಗೆ ‘ಕಿಟ್ಟ ಬಳಿಯುವ ಹೊತ್ತು’.

ಅಚ್ಚು ಸಿಕ್ಕಮೇಲೂ ತೊಡಕು ತಪ್ಪಲಿಲ್ಲ. ಕಂಬಳಿಯ ಹಾಸಿಗೂ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಬಿದರಿಯ ತಂತಿ ಕೆಲಸಕ್ಕೂ ಕೊನೆಗೆ ಬೀದರ್ ಕೋಟೆಯ ಮಣ್ಣು ಹಚ್ಚುತ್ತಾರೆ. ಎರಡು ಶೀರ್ಷಿಕೆಯಲ್ಲಿ ಒಂದೇ ಕ್ರಿಯೆ ಬಂದರೆ ನೋಡುಗರಿಗೆ ಗೊಂದಲ. ಆ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿಮಾಡಿದ ಲೋಹಕ್ಕೆ ಉಜ್ಜಿದಾಗಲೇ ಅದು ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಅದಕ್ಕೇ ಅದು ‘ಮಣ್ಣು ಉಜ್ಜುವ ಹೊತ್ತು’ ಆಯಿತು. ಫೋನಿನ ಪರದೆಯಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿಹೋಗುತ್ತದೆ, ಆದ್ದರಿಂದ ಗುರುತು ಹೇಳುವ ಪದ ಯಾವಾಗಲೂ ಮೊದಲು ಇರಬೇಕೆಂದೂ ಇಟ್ಟುಕೊಂಡೆವು. ಹುಡುಕುವವರು ‘ಇಳಕಲ್ ಸೀರೆ’ ಎಂದೇ ಬರೆಯುತ್ತಾರೆ. ಹಾಗಾಗಿ ಊರು, ವಸ್ತುಗಳ ಹೆಸರು ಕೆಳಗಿನ ಚಿಕ್ಕ ಸಾಲಿಗೆ ಹೋಯಿತು.

ಈಗ ಈ ಅಚ್ಚೇ ನಮ್ಮ ಚಿತ್ರೀಕರಣದ ನಿಯಮವೂ ಆಗಿದೆ. ಮೂರು ಪದ ತುಂಬಲಾಗದಿದ್ದರೆ ಆ ಕಸುಬನ್ನು ನಾವಿನ್ನೂ ಸರಿಯಾಗಿ ನೋಡಿಲ್ಲ ಎಂದರ್ಥ. ನವಲಗುಂದದ ಹೆಂಗಸರು ಲಂಬ ಮಗ್ಗದಲ್ಲಿ ನೇಯುವ ಜಮಖಾನದ ಕಂತಿಗೆ ಇನ್ನೂ ಹೆಸರಿಲ್ಲ, ಹಾಗಾಗಿ ಕ್ಯಾಮೆರಾ ಅಲ್ಲಿಗೆ ಹೋಗಿಲ್ಲ. ಆ ಮಗ್ಗದ ಯಾವ ಕೆಲಸ ಕೈತಪ್ಪುತ್ತಿದೆ, ಅದನ್ನು ಮನೆಯಲ್ಲಿ ಏನೆನ್ನುತ್ತಾರೆ ಎಂದು ಬಲ್ಲ ಓದುಗರು ದಯವಿಟ್ಟು ಬರೆದು ತಿಳಿಸಬೇಕು.