ಗೊಬ್ಬಿ ಹಾಡು

ಗೊಬ್ಬಿ ಹಾಡು ಸಂಕ್ರಾಂತಿಯ ಕಾಲದಲ್ಲಿ ತೆಲುಗು ನಾಡಿನ ಹೆಣ್ಣುಮಕ್ಕಳು ಗುಂಪಾಗಿ ಹಾಡುವ ಜನಪದ ಗೀತೆ. ಒಬ್ಬಳು ಮುಂದಾಗಿ ಸಾಲನ್ನು ಹೇಳುತ್ತಾಳೆ. ಉಳಿದವರೆಲ್ಲರೂ ಚಪ್ಪಾಳೆ ತಟ್ಟುತ್ತ ‘ಗೊಬ್ಬಿಳ್ಳೋ’ ಎಂದು ಸೊಲ್ಲು ಕೂಡಿಸುತ್ತಾರೆ. ‘ಗೊಬ್ಬಿಯಳ್ಳೋ’ ಎಂಬ ರೂಪವೂ ಬಳಕೆಯಲ್ಲಿದೆ.

ಸಂದರ್ಭ

ಮುಂಗಾರಿನ ಭತ್ತ ಕೊಯ್ಲಾಗಿ ಕಣಜ ಸೇರುವ ಹೊತ್ತಿಗೆ ಧನುರ್ಮಾಸ ಬರುತ್ತದೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಈ ತಿಂಗಳಲ್ಲಿ ಮನೆಯಂಗಳ ಸಾರಿಸಿ ರಂಗೋಲಿ ಹಾಕಿ, ಅದರ ನಡುವೆ ಸಗಣಿಯ ಉಂಡೆಗಳನ್ನು ಇಡುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ನೆತ್ತಿಯಲ್ಲಿ ಕುಂಬಳದ ಹೂ ಸಿಕ್ಕಿಸಿದ ಈ ಉಂಡೆಗೆ ಗೊಬ್ಬೆಮ್ಮ ಎಂದು ಹೆಸರು. ಗೊಬ್ಬೆಮ್ಮಗಳನ್ನು ಕೃಷ್ಣನ ಗೋಪಿಯರೆಂದು ಭಾವಿಸುವುದು ರೂಢಿ. ಹುಡುಗಿಯರೂ ಹೆಂಗಸರೂ ಅವುಗಳ ಸುತ್ತ ವೃತ್ತವಾಗಿ ನಿಂತು, ಬಾಗಿ ಏಳುತ್ತ, ಚಪ್ಪಾಳೆ ತಟ್ಟುತ್ತ ಸುತ್ತುವರು. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಹೂ ಮುಡಿಸುವುದನ್ನು ಕಂಡವರಿಗೆ ಈ ಆಚರಣೆ ಹೊಸತೆನಿಸದು. ತಿಂಗಳು ಮಾತ್ರ ಬೇರೆ.

ಹಾಡಿನ ಕಟ್ಟಡ

ಗೊಬ್ಬಿ ಹಾಡಿನಲ್ಲಿ ಸಾಲಿನ ಅರ್ಥ ಸೊಲ್ಲಿನಲ್ಲಿ ಮುಗಿಯುತ್ತದೆ. ಮುಂದಾಳು ‘ಇಂಥವನಿಗೆ’, ‘ಇಂಥದ್ದಕ್ಕೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲಿಸುತ್ತಾಳೆ. ಗುಂಪು ‘ಗೊಬ್ಬಿಳ್ಳೋ’ ಎಂದಾಗ ಅದು ‘ಅವನಿಗೆ ಗೊಬ್ಬಿ ನಮಸ್ಕಾರ’ ಎಂದು ಪೂರ್ಣವಾಗುತ್ತದೆ. ಎಲ್ಲ ಹಾಡುಗಳೂ ಹೀಗೆಯೇ ಇರುವುದಿಲ್ಲವಾದರೂ ಈ ಬಗೆಯೇ ಹೆಚ್ಚು ಹೆಸರಾದದ್ದು. ಕಟ್ಟಡವನ್ನು ತೋರಿಸಲು ಕನ್ನಡದಲ್ಲಿ ರಚಿಸಿಕೊಂಡ ಒಂದು ಮಾದರಿ ಹೀಗಿದೆ:

ಹೊಸಭತ್ತ ಬೆಳೆದವಗೆ — ಗೊಬ್ಬಿಳ್ಳೋ
ಎತ್ತುಗಳ ಕಾಯ್ದವಗೆ — ಗೊಬ್ಬಿಳ್ಳೋ
ತುಂಬಿರುವ ಕಣಜಕ್ಕೆ — ಗೊಬ್ಬಿಳ್ಳೋ

ಇಲ್ಲಿ ಮುಂದಾಳುವಿನ ಪ್ರತಿ ಸಾಲೂ ಐದೈದು ಮಾತ್ರೆಯ ಎರಡು ಗಣ. ‘ಹೊಸಭತ್ತ’ ಒಂದು, ‘ಬೆಳೆದವಗೆ’ ಇನ್ನೊಂದು. ಗಣಕ್ಕೊಂದು ಚಪ್ಪಾಳೆ ಬಿದ್ದರೆ ಮೂರನೆಯ ಚಪ್ಪಾಳೆಗೆ ಗುಂಪಿನ ಸೊಲ್ಲು ಏಳುತ್ತದೆ. ಸೊಲ್ಲಿನ ಕೊನೆಯ ‘ಳೋ’ವನ್ನು ಎಳೆಯಬಹುದಾದ್ದರಿಂದ ಮುಂದಾಳುವಿಗೆ ಉಸಿರು ತೆಗೆದುಕೊಳ್ಳಲೂ ಮುಂದಿನ ಸಾಲನ್ನು ನೆನೆಯಲೂ ಬಿಡುವು ಸಿಗುತ್ತದೆ. ನೆನಪಾಗದಿದ್ದರೆ ಹೊಸದನ್ನು ಕಟ್ಟಬಹುದು: ಮನೆಯ ಹಸುವಿಗೋ ಕೆರೆಗೋ ಕೊನೆಯಲ್ಲಿ ‘ಗೆ’ ಅಥವಾ ‘ಕ್ಕೆ’ ಸೇರಿದರೆ ಸಾಲು ಸಿದ್ಧ. ಗುಂಪಿನಲ್ಲಿ ಉಳಿದವರು ತಿಳಿದಿರಬೇಕಾದದ್ದು ಒಂದೇ ಒಂದು ಪದ. ಐದು ವರ್ಷದ ಬಾಲೆಯೂ ಅಜ್ಜಿಯೂ ಒಂದೇ ವೃತ್ತದಲ್ಲಿ ಹಾಡುವುದು ಇದರಿಂದಲೇ ಸಾಧ್ಯ.

ಸಾಲು ಉದ್ದವಾದರೆ ಈ ಅನುಕೂಲ ಕೆಡುತ್ತದೆ. ‘ಹೊಸದಾಗಿ ಕೊಯ್ದು ತಂದ ಭತ್ತವನ್ನು ಬೆಳೆದವಗೆ’ ಎಂದು ಹಾಡಿದರೆ ಅರ್ಥಕ್ಕೆ ಕುಂದಿಲ್ಲ. ಆದರೆ ಮೂರನೆಯ ಚಪ್ಪಾಳೆಯ ಹೊತ್ತಿಗೆ ಮಾತು ಇನ್ನೂ ಮುಗಿದಿರುವುದಿಲ್ಲ. ಕೆಲವರು ರೂಢಿಯಂತೆ ಸೊಲ್ಲು ಎತ್ತಿಬಿಡುತ್ತಾರೆ, ಕೆಲವರು ಕಾಯುತ್ತಾರೆ. ಚಪ್ಪಾಳೆಯ ಸದ್ದು ಒಂದಾಗಿ ಕೇಳದೆ ಚದುರಿತೆಂದರೆ ಸಾಲು ಅಳತೆ ಮೀರಿದೆ ಎಂದೇ ತಿಳಿಯಬೇಕು. ಸೊಲ್ಲು ಮುಗಿಯುವ ಮುನ್ನವೇ ಮುಂದಾಳು ಮುಂದಿನ ಸಾಲಿಗೆ ಧಾವಿಸಿದಾಗ ಆಗುವ ತೊಂದರೆ ಬೇರೆ: ಹಾಡಿನ ವೇಗ ಸುತ್ತಿನಿಂದ ಸುತ್ತಿಗೆ ಏರಿ, ಬಾಗಿ ಏಳುವ ಹೆಜ್ಜೆ ಅದರ ಹಿಂದೆ ಬೀಳುತ್ತದೆ. ಶ್ರುತಿಯನ್ನೂ ಮುಂದಾಳು ತನ್ನ ಕಂಠಕ್ಕಲ್ಲ, ಗುಂಪಿನ ಕಂಠಕ್ಕೆ ಹೊಂದಿಸಿಕೊಳ್ಳಬೇಕು.

ಅನ್ನಮಾಚಾರ್ಯರ ರಚನೆ

15ನೆಯ ಶತಮಾನದ ವಾಗ್ಗೇಯಕಾರ ತಾಳ್ಳಪಾಕ ಅನ್ನಮಾಚಾರ್ಯರು ಈ ಹೆಂಗಸರ ಹಾಡಿನ ಮಟ್ಟನ್ನೇ ತೆಗೆದುಕೊಂಡು ‘ಕೊಲನಿ ದೋಪರಿಕಿ’ ಎಂಬ ಕೀರ್ತನೆಯನ್ನು ರಚಿಸಿದರು. ಕೃಷ್ಣನ ಒಂದೊಂದು ಲೀಲೆಯನ್ನೂ ಚತುರ್ಥಿಯಲ್ಲಿ ಹೆಸರಿಸಿ ‘ಗೊಬ್ಬಿಳ್ಳೋ’ ಎಂದು ಮುಗಿಸುವ ಕ್ರಮವನ್ನು ಅವರು ಬದಲಿಸಲಿಲ್ಲ. 1503ರಲ್ಲಿ ಅವರು ತೀರಿಕೊಂಡರು. ಅಂಗಳದ ಸೊಲ್ಲು ಅದಕ್ಕೂ ಮುಂಚೆ ಚಾಲ್ತಿಯಲ್ಲಿತ್ತು ಎಂಬುದಕ್ಕೆ ಈ ಕೀರ್ತನೆಯೇ ಸಾಕ್ಷಿ. ಇಂದು ಇದು ಕಚೇರಿಯಲ್ಲೂ ನೃತ್ಯ ವೇದಿಕೆಯಲ್ಲೂ ಕೇಳಿಬರುತ್ತದೆ. ಅಲ್ಲಿ ಸಾಲನ್ನೂ ಸೊಲ್ಲನ್ನೂ ಒಬ್ಬರೇ ಹಾಡುವುದುಂಟು. ರಾಗ ಉಳಿಯುತ್ತದೆ, ಕೇಳಿ ಓಗೊಡುವ ಕ್ರಮ ಉಳಿಯುವುದಿಲ್ಲ.

ಕನ್ನಡದ ಹಾಡುಗಳೊಂದಿಗೆ ಹೋಲಿಕೆ

ಕೋಲಾಟದ ಪದಗಳ ‘ಕೋಲೆ’, ಮದುವೆ ಹಾಡುಗಳ ‘ಸೋಬಾನವೇ’, ಕುಟ್ಟುವ ಹಾಡುಗಳ ‘ಸುವ್ವಿ’ ಇವೂ ಗುಂಪಿನ ಸೊಲ್ಲುಗಳೇ. ಗೊಬ್ಬಿಗೆ ಹತ್ತಿರದ್ದು ಕೋಲಾಟದ ಪದ. ಅಲ್ಲಿ ಚಪ್ಪಾಳೆಯ ಜಾಗದಲ್ಲಿ ಕೋಲಿನ ಪೆಟ್ಟು ಬೀಳುತ್ತದೆ. ಕುಟ್ಟುವ ಹಾಡಿನಲ್ಲಿ ಒನಕೆಯ ಏರಿಳಿತವೇ ಲಯವನ್ನು ನಿಶ್ಚಯಿಸುತ್ತದೆ, ಹಾಡುವವರು ಅದನ್ನು ಹಿಂಬಾಲಿಸುತ್ತಾರೆ.