ಅರವತ್ತನ್ನು ಹದಿನೇಳರಿಂದ ಯಾಕೆ ಭಾಗಿಸಬೇಕು?

ಈ ಸಂಚಿಕೆ ಕೇಳುವಾಗ ಒಂದು ಹಾಳೆ, ಸ್ಕೇಲು, ಕತ್ತರಿ ಹತ್ತಿರ ಇಟ್ಕೊಳ್ಳಿ. ಕಿವಿಯಲ್ಲಿ ಕೇಳಿದ್ದನ್ನ ಕೈಯಲ್ಲಿ ಮಾಡಿ ನೋಡಿದ್ರೆ ಬೇಗ ಅರ್ಥ ಆಗುತ್ತೆ.

ನಾನು ಓದಿದ್ದು ಕಾಮರ್ಸ್. ಬ್ಯಾಂಕ್ ಪರೀಕ್ಷೆಗೆ ತಯಾರಿ ಮಾಡ್ತಿದ್ದಾಗ ಒಂದು ಸೂತ್ರ ಬಾಯಿಪಾಠ ಮಾಡಿದ್ದೆ. ಲಂಬಕೋನ ತ್ರಿಭುಜದ ಮೂಲೆಯಲ್ಲಿ ಕೂರುವ ಅತಿ ದೊಡ್ಡ ಚೌಕದ ಬಾಹು ಎಷ್ಟು? ಲಂಬಕೋನದ ಎರಡು ಬಾಹುಗಳನ್ನು ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸು. ಅಷ್ಟೇ. ಮಾಕ್ ಟೆಸ್ಟಲ್ಲಿ ಅದನ್ನೇ ಬಳಸಿದೆ, ಉತ್ತರ ತಪ್ಪಾಯ್ತು. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ.

ಈ ಲೆಕ್ಕ ತುಂಬಾ ಹಳೇದು. ಚೀನಾದಲ್ಲಿ ಸುಮಾರು 2000 ವರ್ಷಗಳ ಹಿಂದೆ ರೂಪುಗೊಂಡ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತದ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇದಿದೆ. ಅಲ್ಲಿ ಬಾಹುಗಳು 5 ಮತ್ತು 12. ಉತ್ತರ 3 ಪೂರ್ಣಾಂಕ 9/17. ಅಂದ್ರೆ 60 ಭಾಗಿಸು 17, ಹತ್ತಿರಹತ್ತಿರ 3.53. ಪುಸ್ತಕದಲ್ಲಿ ವಿಧಾನ ಇದೆ, ಕಾರಣ ಇಲ್ಲ. ಕಾರಣ ಕೊಟ್ಟವನು ಕ್ರಿ.ಶ. 263ರಲ್ಲಿ ಅದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ. ಅವನು ತುಂಡುಗಳಿಗೆ ಬಣ್ಣದ ಹೆಸರಿಟ್ಟು ವಿವರಿಸಿದ. ನಾವೂ ಹಾಗೇ ಮಾಡೋಣ.

ಒಂದು ಬಾಹು 5 ಸೆಂ.ಮೀ., ಇನ್ನೊಂದು 12 ಸೆಂ.ಮೀ. ಇರುವ ಲಂಬಕೋನ ತ್ರಿಭುಜ ಕತ್ತರಿಸಿ. ಈಗ ಚಿಕ್ಕ ಬಾಹು ದೊಡ್ಡ ಬಾಹುವಿನ ಮೇಲೆ ಸರಿಯಾಗಿ ಕೂರುವ ಹಾಗೆ ಮಡಚಿ ಬಿಚ್ಚಿ. ಲಂಬಕೋನದಿಂದ ಹೊರಟ ಮಡಿಕೆಯ ಗೆರೆ ಎದುರಿನ ವಿಕರ್ಣವನ್ನು ಒಂದು ಕಡೆ ಮುಟ್ಟುತ್ತೆ. ಆ ಬಿಂದುವಿನಿಂದ ಎರಡೂ ಬಾಹುಗಳಿಗೆ ನೇರ ಲಂಬ ಎಳೆಯಿರಿ. ಅದೇ ನಮ್ಮ ಚೌಕ. ಇದಕ್ಕಿಂತ ದೊಡ್ಡದು ಯಾಕಾಗಲ್ಲ? ಆ ಮೂಲೆಯಲ್ಲಿ ಕೂರುವ ಯಾವ ಚೌಕ ತಗೊಂಡ್ರೂ ಅದರ ಎದುರು ಮೂಲೆ ಈ ಮಡಿಕೆಯ ಮೇಲೇ ಇರುತ್ತೆ. ಚೌಕ ಬೆಳೆದ್ರೆ ಆ ಮೂಲೆ ವಿಕರ್ಣ ದಾಟಿ ಹೊರಗೆ ಹೋಗುತ್ತೆ.

ಗೆರೆಗಳ ಮೇಲೆ ಕತ್ತರಿಸಿದ್ರೆ ಮೂರು ತುಂಡು ಸಿಗುತ್ತೆ. ಮಧ್ಯದ ಚೌಕ ಹಳದಿ, ಚಿಕ್ಕ ತ್ರಿಭುಜ ಕೆಂಪು, ದೊಡ್ಡದು ನೀಲಿ ಅಂದ್ಕೊಳ್ಳಿ. ಇಂಥದ್ದೇ ಇನ್ನೊಂದು ತ್ರಿಭುಜ ಮಾಡಿ ಅದನ್ನೂ ಹಾಗೇ ಕತ್ತರಿಸಿ. ಎರಡೂ ತ್ರಿಭುಜ ಸೇರಿದ್ರೆ 5ಕ್ಕೆ 12ರ ಒಂದು ಆಯತ, ಅಂದ್ರೆ ವಿಸ್ತೀರ್ಣ 60.

ಈಗ ಎರಡು ಕೆಂಪು ತುಂಡು ಸೇರಿಸಿ, ಒಂದು ಪುಟ್ಟ ಆಯತ ಆಗುತ್ತೆ. ಎರಡು ನೀಲಿ ಸೇರಿಸಿ, ಒಂದು ಉದ್ದನೆಯ ಆಯತ. ಗಮನಿಸಿ, ಈ ಎರಡರ ಎತ್ತರವೂ ಚೌಕದ ಬಾಹುವಿನಷ್ಟೇ. ಹಾಗಾಗಿ ಕೆಂಪು, ಹಳದಿ, ಹಳದಿ, ನೀಲಿ ಅಂತ ಸಾಲಾಗಿ ಇಟ್ರೆ ಒಂದು ಉದ್ದ ಪಟ್ಟಿ ಆಗುತ್ತೆ. ಅದರ ಉದ್ದ ಎಷ್ಟು? ಕೆಂಪು ಮತ್ತು ಒಂದು ಹಳದಿ ಸೇರಿ 5. ಇನ್ನೊಂದು ಹಳದಿ ಮತ್ತು ನೀಲಿ ಸೇರಿ 12. ಒಟ್ಟು 17. ಕಾಗದ ಅದೇ, ವಿಸ್ತೀರ್ಣ ಈಗಲೂ 60. ಉದ್ದ 17 ಆದ್ರೆ ಎತ್ತರ 60/17 ಆಗಲೇಬೇಕು. ಆ ಎತ್ತರವೇ ಚೌಕದ ಬಾಹು. ಸ್ಕೇಲಿಟ್ಟು ನೋಡಿ, ಮೂರೂವರೆ ಸೆಂ.ಮೀ. ಆಸುಪಾಸು ಬರುತ್ತೆ.

ಉತ್ತರ ಸರಿಯಿದೆಯಾ ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆ ಇದೆ. ಚೌಕದ ಬಾಹು ಯಾವಾಗಲೂ ಚಿಕ್ಕ ಬಾಹುವಿಗಿಂತ ಕಡಿಮೆ, ಆದ್ರೆ ಅದರ ಅರ್ಧಕ್ಕಿಂತ ಕಡಿಮೆ ಆಗಲ್ಲ. ಇಲ್ಲಿ 2.5 ಮತ್ತು 5ರ ಮಧ್ಯೆ ಇರಬೇಕು. ಸರಿಯಾಗಿ ಅರ್ಧ ಬರೋದು ಎರಡೂ ಬಾಹು ಸಮ ಇದ್ದಾಗ ಮಾತ್ರ.

ಹಾಗಾದ್ರೆ ನಾನು ಎಡವಿದ್ದು ಎಲ್ಲಿ? ಪ್ರಶ್ನೆಯಲ್ಲಿದ್ದ ಚೌಕ ಮೂಲೆಯಲ್ಲಿ ಇರಲೇ ಇಲ್ಲ. ಅದರ ಒಂದು ಬಾಹು ವಿಕರ್ಣದ ಮೇಲೆ ಮಲಗಿತ್ತು. ನಾನು ಚಿತ್ರ ನೋಡದೆ ಸೂತ್ರ ಹಾಕಿದ್ದೆ. 5, 12ರ ತ್ರಿಭುಜದಲ್ಲಿ ವಿಕರ್ಣ 13, ಲಂಬಕೋನದಿಂದ ಅದಕ್ಕೆ ಎಳೆದ ಎತ್ತರ 60/13, ಅಂದ್ರೆ ಸುಮಾರು 4.62. ಇವುಗಳನ್ನು ಗುಣಿಸಿದ್ರೂ 60 ಬರುತ್ತೆ, ಆದ್ರೆ ಕೂಡಿದ್ರೆ ಸುಮಾರು 17.62. ಮೇಲೆ ಅದೇ 60, ಕೆಳಗೆ ಸ್ವಲ್ಪ ಜಾಸ್ತಿ. ಹಾಗಾಗಿ ಆ ಚೌಕದ ಬಾಹು 3.41, ಮೂಲೆಯ ಚೌಕಕ್ಕಿಂತ ಚಿಕ್ಕದು. ಇದೂ 2.5 ಮತ್ತು 5ರ ಮಧ್ಯೆಯೇ ಬರೋದ್ರಿಂದ ಆ ಸುಲಭದ ಪರೀಕ್ಷೆಗೆ ಈ ತಪ್ಪು ಸಿಕ್ಕಿಬೀಳಲ್ಲ.

ಅದಕ್ಕೇ ಈಗ ನಾನು ಮೊದಲು ನೋಡೋದು ಒಂದನ್ನೇ: ಚೌಕದ ಮೂಲೆ ಲಂಬಕೋನದಲ್ಲಿ ಕೂತಿದೆಯಾ? ಕೂತಿದ್ರೆ ಮಾತ್ರ 60/17.